ಯಾತ್ರೆ ಬಸ್ಸಿನ ನೋಟೀಸು ಓದುವ ಲೆಕ್ಕ

ನಮ್ಮ ಕೊಟ್ಟಾರದ ಕಡೆ ಹೆಂಗಸರ ವಾಟ್ಸಾಪ್ ಗುಂಪುಗಳಲ್ಲಿ ಮಳೆಗಾಲ ಮುಗಿದದ್ದೇ ತಡ, ಯಾತ್ರೆ ಬಸ್ಸಿನ ನೋಟೀಸು ಬರ್ಲಿಕ್ಕೆ ಶುರು ಆಗ್ತದೆ. ಮೇಲೆ ದೇವರ ಚಿತ್ರ, ಕೆಳಗೆ ಊರುಗಳ ಹೆಸರು, ಮತ್ತೆ "ಊಟ ವಸತಿ ಸೇರಿ", "ಸೀಟು ಕೆಲವೇ ಉಂಟು, ಬೇಗ ಬುಕ್ ಮಾಡಿ". ನಾವು ಮೊದಲು ನೋಡುದು ರೇಟು. ಆಮೇಲೆ ಯಾರ್ಯಾರು ಬರ್ತಾರೆ ಅಂತ ಕೇಳುದು. ಆ ಊರಿನ ಹೆಸರುಗಳ ಮಧ್ಯೆ ಎಷ್ಟು ಗಂಟೆ ಉಂಟು ಅಂತ ಲೆಕ್ಕ ಹಾಕುವವರು ಕಡಿಮೆ. ನಾನು ಈ ಸಲ ಕಾಗದ ಪೆನ್ನು ಹಿಡ್ಕೊಂಡು ಲೆಕ್ಕ ಹಾಕಿದೆ. ಯಾಕೆ ಅಂತ ಹೇಳ್ತೇನೆ.

ನಮ್ಮ ದೇವರ ಕೋಣೆಯಲ್ಲಿ ಒಂದು ಸಣ್ಣ ತಾಮ್ರದ ಗಿಂಡಿ ಉಂಟು. ಬಾಯಿ ಬೆಸುಗೆ ಹಾಕಿ ಮುಚ್ಚಿದ್ದು, ಒಳಗೆ ಕಾಶಿಯ ಗಂಗೆ. 1998ರಲ್ಲಿ ಮಾವ ಮತ್ತು ಅತ್ತೆ ಕಾಶಿಗೆ ಹೋದಾಗ ತಂದದ್ದು. ಕಾಶಿಗೆ ಹೋದವರು ಆ ಗಂಗೆಯನ್ನು ರಾಮೇಶ್ವರಕ್ಕೆ ಕೊಂಡುಹೋಗಿ ಅಭಿಷೇಕ ಮಾಡಿಸಿದ್ರೆ ಮಾತ್ರ ಯಾತ್ರೆ ಪೂರ್ತಿ ಅಂತ ನಮ್ಮಲ್ಲಿ ಹಿರಿಯರು ಹೇಳುದು ನಿಮಗೆ ಗೊತ್ತುಂಟು. ಮುಂದಿನ ವರ್ಷ ಹೋಗುವ, ಮುಂದಿನ ವರ್ಷ ಹೋಗುವ ಅಂತ ಹೇಳ್ತಾ ಹೇಳ್ತಾ ಮಾವ ತೀರಿಕೊಂಡರು. ಅತ್ತೆಗೆ ಈಗ 76. ಮೊಣಕಾಲು ನೋವು, ಸ್ವಲ್ಪ ಶುಗರು. "ನಾನಿರುವಾಗ ಅದೊಂದನ್ನು ಮುಟ್ಟಿಸಿ ಬಿಡುವ ಮಗಾ" ಅಂತ ಅವರು ಎರಡು ವರ್ಷದಿಂದ ಹೇಳ್ತಾ ಇದ್ದರು. ಹಾಗಾಗಿ ನಮಗೆ ಬೇಕಾದದ್ದು ಹತ್ತು ದೇವಸ್ಥಾನ ಅಲ್ಲ. ರಾಮೇಶ್ವರದಲ್ಲಿ ಒಂದು ಬೆಳಿಗ್ಗೆ ಅವಸರ ಇಲ್ಲದೆ ಸಿಗಬೇಕಿತ್ತು, ಅಷ್ಟೆ.

ನಮ್ಮ ಕೈಗೆ ಬಂದ ನೋಟೀಸು ಒಂದು ಸಣ್ಣ ಏಜೆನ್ಸಿಯದ್ದು. ಹೆಸರು ಬೇಡ, ಎಲ್ಲರ ನೋಟೀಸೂ ಹೆಚ್ಚುಕಡಿಮೆ ಹೀಗೇ ಇರುದು. "5 ದಿನ 4 ರಾತ್ರಿ, ರಾಮೇಶ್ವರ ಕನ್ಯಾಕುಮಾರಿ ಯಾತ್ರೆ. ಒಬ್ಬರಿಗೆ 8,400 ರೂಪಾಯಿ. ಸೀಟು 40 ಮಾತ್ರ. ನಮ್ಮದೇ ಅಡುಗೆಯವರು, ಶುದ್ಧ ಸಸ್ಯಾಹಾರ. 1ನೇ ದಿನ ಬೆಳಿಗ್ಗೆ 5ಕ್ಕೆ ಪಂಪ್‌ವೆಲ್‌ನಿಂದ ಹೊರಟು ಸಂಜೆ ಗುರುವಾಯೂರು, ರಾತ್ರಿ ಪ್ರಯಾಣ. 2ನೇ ದಿನ ಮಧುರೈ ಮೀನಾಕ್ಷಿ, ಅಳಗರ್ ಕೋವಿಲ್, ರಾತ್ರಿ ರಾಮೇಶ್ವರದಲ್ಲಿ ವಸತಿ. 3ನೇ ದಿನ ಸ್ಫಟಿಕ ಲಿಂಗ ದರ್ಶನ, 22 ತೀರ್ಥಸ್ನಾನ, ಧನುಷ್ಕೋಡಿ, ರಾತ್ರಿ ಕನ್ಯಾಕುಮಾರಿಯಲ್ಲಿ ವಸತಿ. 4ನೇ ದಿನ ಸೂರ್ಯೋದಯ, ವಿವೇಕಾನಂದ ಬಂಡೆ, ಶುಚೀಂದ್ರಂ, ಸಂಜೆ ಅನಂತಪದ್ಮನಾಭ, ರಾತ್ರಿ ಪ್ರಯಾಣ. 5ನೇ ದಿನ ಬೆಳಿಗ್ಗೆ 6ಕ್ಕೆ ಮಂಗಳೂರು."

ಓದುವಾಗ ಒಳ್ಳೆದೇ ಕಾಣ್ತದೆ. ಮೊದಲು ರಾತ್ರಿಯ ಲೆಕ್ಕ ನೋಡುವ. 4 ರಾತ್ರಿ ಅಂತ ದೊಡ್ಡ ಅಕ್ಷರದಲ್ಲಿ ಉಂಟು. ಅದರಲ್ಲಿ ಹಾಸಿಗೆ ಇರುದು ಎರಡು ರಾತ್ರಿ ಮಾತ್ರ, ರಾಮೇಶ್ವರ ಮತ್ತು ಕನ್ಯಾಕುಮಾರಿಯಲ್ಲಿ. ಉಳಿದ ಎರಡು ರಾತ್ರಿ ಬಸ್ಸಿನ ಸೀಟಿನಲ್ಲಿ. ಇದು ಸುಳ್ಳಲ್ಲ, "ರಾತ್ರಿ ಪ್ರಯಾಣ" ಅಂತ ಅವರೇ ಬರೆದಿದ್ದಾರೆ. ಆದ್ರೆ 4 ರಾತ್ರಿ ಅಂತ ಓದಿದ ಕೂಡ್ಲೆ ನಮ್ಮ ತಲೆಯಲ್ಲಿ ನಾಲ್ಕು ರೂಮು ಬರ್ತದೆ. ರಾತ್ರಿ ಬಸ್ಸಿನಲ್ಲಿ ಕಳೆದ ಮೇಲೆ ಬೆಳಿಗ್ಗೆ "ಫ್ರೆಶ್ ಅಪ್" ಅಂತ ಒಂದು ಮಾತು ಇರ್ತದೆ. ಅಂದರೆ ಎರಡು ಗಂಟೆಗೆ ನಾಲ್ಕೈದು ರೂಮು ತೆಗೆದುಕೊಡುದು. ಎಂಟು ಹತ್ತು ಜನಕ್ಕೆ ಒಂದು ಬಚ್ಚಲು. ಒಬ್ಬೊಬ್ಬರಿಗೆ ಹತ್ತು ನಿಮಿಷ ಹಿಡಿದ್ರೂ ಒಂದೂವರೆ ಗಂಟೆ ಹೋಯ್ತು. ಇದನ್ನು ದೇವಸ್ಥಾನದ ಸಮಯದಿಂದ ಕಳೀಲೇಬೇಕು.

ಇನ್ನು ದಾರಿಯ ಲೆಕ್ಕ. ನಮ್ಮ ಯಜಮಾನರು ಹೇಳಿದ ಸುಲಭದ ಲೆಕ್ಕ ಇದು. ಫೋನಿನ ಮ್ಯಾಪು ತೋರಿಸುದು ಕಾರಿನ ಗಂಟೆ, ಅದನ್ನು ನಂಬ್ಲಿಕ್ಕೆ ಇಲ್ಲ. ದೊಡ್ಡ ಬಸ್ಸು, ಚಾ, ಮೂತ್ರಕ್ಕೆ ನಿಲ್ಸುದು, ಒಬ್ಬರು ಹತ್ತಿದ್ರಾ ಇಲ್ವಾ ಅಂತ ತಲೆ ಎಣಿಸುದು ಎಲ್ಲ ಸೇರಿ ಹಗಲು ಗಂಟೆಗೆ 40 ಕಿಲೋಮೀಟರು, ರಾತ್ರಿ 45 ಅಂತ ಹಿಡೀಬೇಕು. ದೂರವನ್ನು ಅದರಿಂದ ಭಾಗ ಮಾಡಿದ್ರೆ ಗಂಟೆ ಸಿಗ್ತದೆ.

ಮಂಗಳೂರಿನಿಂದ ಗುರುವಾಯೂರಿಗೆ 300 ಕಿಲೋಮೀಟರಿಗಿಂತ ಸ್ವಲ್ಪ ಮೇಲೆ. ಬೆಳಿಗ್ಗೆ 5ಕ್ಕೆ ಬಿಟ್ಟರೆ ಎಂಟು ಗಂಟೆ ದಾರಿ, ತಿಂಡಿಗೆ ಮತ್ತು ಊಟಕ್ಕೆ ಎರಡು ಗಂಟೆ, ಮೂರಕ್ಕೆ ಮುಟ್ಟಬಹುದು. ಗುರುವಾಯೂರಿನ ಗುಡಿ ಮಧ್ಯಾಹ್ನ ಮುಚ್ಚಿದ್ದು ಮತ್ತೆ ತೆರೆಯುದು ಸಂಜೆ ಹೊತ್ತಿಗೆ. ಹಾಗಾಗಿ ಮೊದಲ ದಿನ ಸರಿಯಾಗ್ತದೆ.

ಎರಡನೇ ದಿನ ನೋಡಿ. ಗುರುವಾಯೂರಿನಿಂದ ಪಾಲಕ್ಕಾಡಿನ ಮೇಲೆ ಮಧುರೈಗೆ 280ರಿಂದ 300 ಕಿಲೋಮೀಟರು. ರಾತ್ರಿ 9ಕ್ಕೆ ಹೊರಟರೆ ಬೆಳಿಗ್ಗೆ ನಾಲ್ಕರಿಂದ ಐದು. ಸ್ನಾನ, ತಿಂಡಿ ಮುಗಿಸಿ ಮೀನಾಕ್ಷಿ ದೇವಸ್ಥಾನಕ್ಕೆ ಏಳೂವರೆ. ಅಲ್ಲಿ ಒಳಗೆ ಮೊಬೈಲು ಬಿಡುದಿಲ್ಲ. ನಲ್ವತ್ತು ಜನ ಫೋನು ಇಡ್ಲಿಕ್ಕೆ, ವಾಪಸು ತೆಗೀಲಿಕ್ಕೆ ಸಾಲು ನಿಲ್ಬೇಕು. ಎಲ್ಲ ಮುಗಿದು ಹೊರಗೆ ಬರುವಾಗ ಹತ್ತೂವರೆ ಹನ್ನೊಂದು. ಅಳಗರ್ ಕೋವಿಲ್ ಮಧುರೈಯಿಂದ ಇಪ್ಪತ್ತು ಕಿಲೋಮೀಟರು ಉತ್ತರಕ್ಕೆ, ರಾಮೇಶ್ವರ ಇರುದು ತಿರುಗಿ ಆಚೆ ದಿಕ್ಕಿಗೆ. ಪೇಟೆಯ ಒಳಗಿಂದ ಹೋಗಿ ಮುಟ್ಟುವಾಗ ಹನ್ನೆರಡು. ತಮಿಳುನಾಡಿನಲ್ಲಿ ಹೆಚ್ಚಿನ ದೊಡ್ಡ ದೇವಸ್ಥಾನ ಹನ್ನೆರಡು ಹನ್ನೆರಡೂವರೆಗೆ ಬಾಗಿಲು ಹಾಕಿದ್ರೆ ಮತ್ತೆ ಸಂಜೆಯೇ ತೆರೆಯುದು. ಮೀನಾಕ್ಷಿಯೇ 12:30ಕ್ಕೆ ಮುಚ್ಚಿ 4ಕ್ಕೆ ತೆರೆಯುದು. ಅಂದ ಮೇಲೆ ಅಳಗರ್ ಕೋವಿಲ್ ಸಿಗುದು ಅದೃಷ್ಟ ಇದ್ರೆ ಮಾತ್ರ. ಬಾಗಿಲು ತೆರೆಯುವ ತನಕ ಕಾದ್ರೆ ರಾಮೇಶ್ವರಕ್ಕೆ ಮುಟ್ಟುವಾಗ ರಾತ್ರಿ ಹನ್ನೊಂದು. ಮಧುರೈಯಿಂದ ರಾಮೇಶ್ವರಕ್ಕೆ ಇನ್ನೂ 170 ಕಿಲೋಮೀಟರು ಉಂಟಲ್ಲ!

ಒಂದು ರಾತ್ರಿ ಬಸ್ಸಿನಲ್ಲಿ ಕೂತುಕೊಂಡೇ ಕಳೆದ 76ರ ಹೆಂಗಸು ಹನ್ನೊಂದಕ್ಕೆ ಮುಟ್ಟಿ, ಊಟ ಮಾಡಿ, ಹನ್ನೆರಡೂವರೆಗೆ ಮಲಗಿ, ಮತ್ತೆ ನಾಲ್ಕಕ್ಕೆ ಏಳುದು ಹೇಗೆ ಹೇಳಿ? ಮೂರನೇ ದಿನ ಬೆಳಿಗ್ಗೆ ಇರುದೇ ಹಾಗೆ. ಸ್ಫಟಿಕ ಲಿಂಗದ ದರ್ಶನ ಬೆಳಿಗ್ಗೆ 5ರಿಂದ 6ರ ವರೆಗೆ ಮಾತ್ರ. ಆಮೇಲೆ ಸಿಗುದಿಲ್ಲ. ಅದಕ್ಕೆ ಒಣಬಟ್ಟೆಯಲ್ಲಿ ಮೊದಲು ಹೋಗಿ ಬರಬೇಕು, ನಂತರ ತೀರ್ಥಸ್ನಾನ. ಮೊದಲು ಎದುರಿನ ಸಮುದ್ರದಲ್ಲಿ ಅಗ್ನಿತೀರ್ಥ, ಅಲ್ಲಿಂದ ಒದ್ದೆ ಬಟ್ಟೆಯಲ್ಲೇ ದೇವಸ್ಥಾನದ ಒಳಗಿನ 22 ತೀರ್ಥಗಳಿಗೆ ಸಾಲಾಗಿ ಹೋಗುದು. ಹೆಚ್ಚಿನವು ಬಾವಿಗಳು. ಬಾವಿಕಟ್ಟೆಯ ಮೇಲೆ ನಿಂತವರು ಕೊಡಪಾನದಿಂದ ನೀರು ಸೇದಿ ತಲೆಗೆ ಹೊಯ್ತಾರೆ. ಬಾವಿಗಳೆಲ್ಲ ಒಂದೇ ಕಡೆ ಇಲ್ಲ, ಆ ದೊಡ್ಡ ಪ್ರಾಕಾರದ ಒಳಗೆ ಅಲ್ಲಲ್ಲಿ ಉಂಟು. ನೆಲ ಪೂರ್ತಿ ನೀರು, ಜಾರ್ತದೆ. ಕೊನೆಗೆ ಕೋಟಿತೀರ್ಥ. ಅದಾದ ಮೇಲೆ ಬಟ್ಟೆ ಬದಲಿಸ್ಬೇಕು, ಒದ್ದೆ ಬಟ್ಟೆಯಲ್ಲಿ ಸ್ವಾಮಿಯ ಹತ್ತಿರ ಬಿಡುದಿಲ್ಲ. ಗಟ್ಟಿ ಇದ್ದವರಿಗೆ ಒಂದೂವರೆ ಗಂಟೆ, ಅತ್ತೆಯಂಥವರಿಗೆ ಎರಡೂವರೆ. ಗಂಗಾಭಿಷೇಕಕ್ಕೆ ಬೇರೆ ರಶೀದಿ ಮಾಡಿಸಿ ಕಾಯ್ಬೇಕು. ಗುಡಿ ಒಂದು ಗಂಟೆಗೆ ಮುಚ್ಚಿದ್ರೆ ಮತ್ತೆ ಮೂರಕ್ಕೆ ತೆರೆಯುದು. ನೋಟೀಸಿನ ಪ್ರಕಾರ ಅಷ್ಟರಲ್ಲಿ ನಾವು ಧನುಷ್ಕೋಡಿಯನ್ನೂ ಮುಗಿಸಿ ಊಟಕ್ಕೆ ಕೂರ್ಬೇಕು. ಯಾಕಂದ್ರೆ ಅಲ್ಲಿಂದ ಕನ್ಯಾಕುಮಾರಿಗೆ 300 ಕಿಲೋಮೀಟರು, ಏಳೆಂಟು ಗಂಟೆ ದಾರಿ.

ಕೊನೆಯ ಸಾಲು ಓದಿದಾಗ ನನಗೆ ಪೂರ್ತಿ ಗೊತ್ತಾಯ್ತು, ಇದನ್ನು ಬರೆದವರು ಗಡಿಯಾರ ನೋಡಿ ಬರೆದದ್ದಲ್ಲ ಅಂತ. ತಿರುವನಂತಪುರದ ಪದ್ಮನಾಭ ಗುಡಿ ಸಂಜೆ ತೆರೆಯುದು 5ಕ್ಕೆ. ದರ್ಶನ, ಊಟ ಮುಗಿಸಿ 8ಕ್ಕೆ ಹೊರಟರೆ ಮಂಗಳೂರಿಗೆ ಸುಮಾರು 600 ಕಿಲೋಮೀಟರು. ಬೆಳಿಗ್ಗೆ 6ಕ್ಕೆ ಮುಟ್ಟಬೇಕಾದ್ರೆ ಹತ್ತು ಗಂಟೆಯಲ್ಲಿ ಎಲ್ಲಿಯೂ ನಿಲ್ಲದೆ ಗಂಟೆಗೆ 60ರ ಹಾಗೆ ಓಡ್ಸಬೇಕು. ಕೇರಳದ ದಾರಿಯಲ್ಲಿ ಪೇಟೆ ಮುಗಿಯುದೇ ಇಲ್ಲ, ಹೆದ್ದಾರಿಯ ಕೆಲಸ ಬೇರೆ. 45ರ ಲೆಕ್ಕದಲ್ಲಿ ಹದಿಮೂರೂವರೆ ಗಂಟೆ, ನಿಲ್ಸುದು ಸೇರಿದ್ರೆ ಹತ್ತು ಹನ್ನೊಂದು ಗಂಟೆಗೆ ಮಂಗಳೂರು. ನಿಮ್ಮ ಕೈಗೆ ಯಾವ ನೋಟೀಸು ಬಂದ್ರೂ ಮೊದಲು ಕೊನೆಯ ದಿನದ ಸಾಲು ನೋಡಿ. ಅದು ಕೂಡದಿದ್ರೆ ಹಿಂದಿನ ದಿನದ ಯಾವುದೋ ಒಂದು ದೇವಸ್ಥಾನ "ಲೇಟಾಯ್ತು" ಅಂತ ಬಿಟ್ಟು ಹೋಗ್ತದೆ, ಇಲ್ಲದಿದ್ರೆ ಡ್ರೈವರು ನಿದ್ದೆಗಣ್ಣಿನಲ್ಲಿ ಓಡಿಸ್ತಾನೆ. ಎರಡೂ ಬೇಡ.

ಹಾಗಂತ ನಾನು ನೋಟೀಸು ಬಿಸಾಡ್ಲಿಲ್ಲ, ಫೋನು ಮಾಡಿದೆ. "ಅಕ್ಕ, ಅದೆಲ್ಲ ಹೋಗುವಾಗ ಅಡ್ಜಸ್ಟ್ ಮಾಡುವ" ಅಂದ್ರು. "ಅಡ್ಜಸ್ಟ್ ಮಾಡುವಾಗ ಯಾವುದನ್ನು ಬಿಡ್ತೀರಿ, ಅದನ್ನು ಈಗಲೇ ಹೇಳಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಾದ್ರು. ಮತ್ತೆ ಅವರೇ ಒಪ್ಪಿಕೊಂಡ್ರು: "ಅಳಗರ್ ಕೋವಿಲ್ ಹೆಚ್ಚಾಗಿ ಆಗುದಿಲ್ಲ ಅಕ್ಕ. ಹೆಸರು ಕಡಿಮೆ ಇದ್ರೆ ಜನ ಬೇರೆ ಬಸ್ಸಿಗೆ ಹೋಗ್ತಾರೆ, ಅದಕ್ಕೆ ಹಾಕುದು." ಅವರದ್ದೂ ಹೊಟ್ಟೆಪಾಡು, ನನಗೆ ಸಿಟ್ಟು ಬರ್ಲಿಲ್ಲ. ಊರಿನ ಹೆಸರು ಎಣಿಸಿ ಬಸ್ಸು ಆರಿಸುವವರು ನಾವೇ ಅಲ್ವಾ?

ಸೀಟಿನ ವಿಷಯ ಕೇಳಿದಾಗ ಇನ್ನೊಂದು ತಿಳೀತು. ನಮಗೆ ಕಾಣುದು "40 ಮಾತ್ರ" ಅನ್ನುವ ಸಂಖ್ಯೆ. ಅವರ ಮನಸ್ಸಿನಲ್ಲಿ ಇರುದು ಇನ್ನೊಂದು ಸಂಖ್ಯೆ, ಎಷ್ಟು ಜನ ಆದ್ರೆ ಬಸ್ಸು ಹೊರಡ್ತದೆ ಅಂತ. ಅದು ನೋಟೀಸಿನಲ್ಲಿ ಇರುದಿಲ್ಲ. ಇವರದ್ದು 30. ಬಸ್ಸಿಗೆ 49 ಸೀಟು, ಹಿಂದಿನ ಸಾಲುಗಳಲ್ಲಿ ಅಕ್ಕಿ, ತರಕಾರಿ ಗೋಣಿ, ಇಬ್ಬರು ಅಡುಗೆಯವರು, ಇನ್ನೊಬ್ಬ ಡ್ರೈವರು. ಅದಕ್ಕೆ 40 ಮಾರುದು. "30 ಆಗದಿದ್ರೆ?" ಅಂದೆ. "ಸಣ್ಣ ಗಾಡಿ ಮಾಡುವ" ಅಂದ್ರು. ಇಲ್ಲಿ ಗಮನ ಕೊಡಿ. ಸಣ್ಣ ಗಾಡಿಯಲ್ಲಿ ಅಡುಗೆಯವರಿಗೆ, ಪಾತ್ರೆಗೆ ಜಾಗ ಇಲ್ಲ. ಊಟ ಹೋಟೆಲಿನಲ್ಲಿ ಆಗ್ತದೆ. ಸೀಟು ತುಂಬದಿದ್ರೆ ನಮ್ಮ ಊಟವೇ ಬದಲಾಯ್ತು. ಶುಗರಿನವರಿಗೆ ಹೊತ್ತು ಹೊತ್ತಿಗೆ ಊಟ ಬೇಕಾದ್ರೆ ಇದು ಸಣ್ಣ ವಿಷಯ ಅಲ್ಲ. 30 ಆಗದಿದ್ರೆ ಅಡ್ವಾನ್ಸು ಪೂರ್ತಿ ವಾಪಸು ಅಂತ ನಾನು ಮೆಸೇಜಿನಲ್ಲಿ ಬರೆಸಿಕೊಂಡೆ.

ಊಟದ ಲೆಕ್ಕವನ್ನೂ ಬಾಯಲ್ಲಿ ಕೇಳಿ ಬಿಡ್ಬೇಡಿ, ಎಣಿಸಿ. ಮೊದಲ ದಿನದ ತಿಂಡಿಯಿಂದ ನಾಲ್ಕನೇ ದಿನದ ರಾತ್ರಿ ಊಟದ ವರೆಗೆ ನಾಲ್ಕು ತಿಂಡಿ, ಎಂಟು ಊಟ. ಐದನೇ ದಿನದ ತಿಂಡಿ ಅವರ ಲೆಕ್ಕದಲ್ಲಿ ಇರಲೇ ಇಲ್ಲ, 6ಕ್ಕೆ ಮಂಗಳೂರು ಅಂತ ಬರೆದಿದ್ರಲ್ಲ! ಮತ್ತೆ ನಮ್ಮದೇ ಅಡುಗೆ ಅಂದ್ರೆ ಬಸ್ಸು ಎಲ್ಲಿಯಾದ್ರೂ ನಿಲ್ಬೇಕು. ನಲ್ವತ್ತು ಜನಕ್ಕೆ ಅನ್ನ, ಸಾರು, ಒಂದು ಪಲ್ಯ ಆಗ್ಲಿಕ್ಕೆ ಒಂದೂವರೆ ಗಂಟೆ, ಬಡಿಸಿ ತೊಳೆದು ಕಟ್ಟುವಾಗ ಇನ್ನೊಂದು. ದರ್ಶನಕ್ಕೆ ನಾವು ಹೋದಾಗ ಅವರು ಅಡುಗೆ ಮಾಡಿದ್ರೆ ಸಮಯ ಉಳೀತದೆ. ದಾರಿಯಲ್ಲಿ ನಿಂತು ಮಾಡಿದ್ರೆ ಆ ಎರಡೂವರೆ ಗಂಟೆ ಹೋಯ್ತು. ಅದನ್ನೂ ಕೇಳಿಟ್ಟುಕೊಳ್ಬೇಕು.

ಗ್ಯಾಸಿನ ಬಗ್ಗೆ ಒಂದು ಮಾತು. 2023ರ ಆಗಸ್ಟ್ 26ರಂದು ಮಧುರೈ ಸ್ಟೇಷನ್ನಿನ ಹತ್ತಿರ ನಿಲ್ಲಿಸಿದ್ದ ಯಾತ್ರಿಕರ ರೈಲು ಬೋಗಿಗೆ ಬೆಂಕಿ ಬಿದ್ದು 9 ಜನ ತೀರಿಹೋದದ್ದು ನೆನಪಿರಬಹುದು. ಲಕ್ನೋ ಕಡೆಯಿಂದ ಬಂದವರು. ನಿಯಮ ಮೀರಿ ಬೋಗಿಯೊಳಗೆ ತಂದ ಸಿಲಿಂಡರಿನಲ್ಲಿ ಬೆಳಿಗ್ಗೆ ಚಾ ಮಾಡ್ಲಿಕ್ಕೆ ಹೋದದ್ದು ಕಾರಣ ಅಂತ ರೈಲ್ವೆಯವರು ಹೇಳಿದ್ರು. ಅದು ರೈಲು, ನಮ್ಮದು ಬಸ್ಸು. ಆದ್ರೆ ಜನ ಕೂತ ಜಾಗದಲ್ಲಿ ಒಲೆ ಹೊತ್ತಿಸಿದ್ರೆ ಎರಡೂ ಒಂದೇ. ನಾನು ಕೇಳಿದ್ದು, "ಸಿಲಿಂಡರು ಬಸ್ಸಿನಲ್ಲಿ ಬರ್ತದಾ?" ಅಂತ. "ಹಿಂದೆ ಡಿಕ್ಕಿಯಲ್ಲಿ ಇಡ್ತಿದ್ದೆವು" ಅಂದ್ರು. ಈ ಸಲ ಬೇಡ, ತಂಗುವ ಕಡೆ ಮಂಟಪದ ಅಡುಗೆಮನೆ ಬಾಡಿಗೆಗೆ ಮಾಡಿ ಅಂತ ನಾವು ಏಳು ಮನೆಯವರು ಸೇರಿ ಹೇಳಿದ್ದಕ್ಕೆ ತಲೆಗೆ 250 ರೂಪಾಯಿ ಹೆಚ್ಚು ಮಾಡಿ ಒಪ್ಪಿದ್ರು.

ರೂಮಿನ ಬಗ್ಗೆ ನಾನು ಕೇಳಿದ್ದು ಎರಡೇ. ನೆಲ ಅಂತಸ್ತು ಅಥವಾ ಲಿಫ್ಟು ಉಂಟಾ, ಕೂತುಕೊಳ್ಳುವ ಕಮೋಡು ಉಂಟಾ? ರಾಮೇಶ್ವರದಲ್ಲಿ ಇನ್ನೊಂದು ಉಂಟು. ದೊಡ್ಡ ಬಸ್ಸು ಗೋಪುರದ ಹತ್ತಿರ ಬರುದಿಲ್ಲ, ದೂರ ನಿಲ್ಸಬೇಕು. ಲಾಡ್ಜು ಬಸ್ಸಿನ ಹತ್ತಿರ ಇದ್ರೆ ಬೆಳಿಗ್ಗೆ ನಾಲ್ಕೂವರೆಗೆ ಆಟೋ ಹುಡುಕ್ಬೇಕು, ಸ್ನಾನ ಆದ ಮೇಲೆ ಒಣಬಟ್ಟೆಗೆ ಪುನಃ ಬರ್ಲಿಕ್ಕೂ ಆಗುದಿಲ್ಲ. ಹಾಗಾಗಿ ಮೂಡುಗೋಪುರದಿಂದ ನಡೆದು ಹೋಗುವಷ್ಟು ಹತ್ತಿರ ಬೇಕು ಅಂತ ಹೇಳಿದೆ. ಸೀಟೂ ಹಾಗೆ. ಮೊದಲು ಅಡ್ವಾನ್ಸು ಕೊಟ್ಟವರಿಗೆ ಮುಂದಿನದ್ದು. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಮೊಣಕಾಲು ನೋವಿನವರು ಎರಡು ರಾತ್ರಿ ಕೂರುದು ಕಷ್ಟ. ನಾವು ಮೂರನೇ ಸಾಲು ತೆಗೆದುಕೊಂಡೆವು.

ಕೊನೆಗೆ ಗುಂಪಿನಲ್ಲಿ ಹೊಸ ನೋಟೀಸು ಬಂತು. ಅಳಗರ್ ಕೋವಿಲ್ ಇಲ್ಲ. ರಾಮೇಶ್ವರದಲ್ಲಿ ಮಧ್ಯಾಹ್ನ 12ರ ವರೆಗೆ ಬೇರೆ ಕಾರ್ಯಕ್ರಮ ಇಲ್ಲ, ಧನುಷ್ಕೋಡಿ ಆಗದಿದ್ರೆ ಬಿಡುದು. ಐದನೇ ದಿನ "ಮಧ್ಯಾಹ್ನದ ಒಳಗೆ ಮಂಗಳೂರು, ತಿಂಡಿ ಸೇರಿ". "ದೇವಸ್ಥಾನದ ಟಿಕೆಟು, ತೀರ್ಥಸ್ನಾನದ ಚೀಟಿ, ದೋಣಿ, ಆಟೋ ನಿಮ್ಮದು" ಅಂತಲೂ ಸ್ಪಷ್ಟ ಬರೆದ್ರು. ಎರಡು ಮನೆಯವರು ಊರು ಕಡಿಮೆ ಆಯ್ತು ಅಂತ ಬಿಟ್ಟರು. ಹೋದದ್ದು 34 ಜನ.

ಎರಡನೇ ದಿನ ಸಂಜೆ ಆರೂವರೆಗೆ ರಾಮೇಶ್ವರ ಮುಟ್ಟಿದೆವು. ಅತ್ತೆ ಒಂಬತ್ತಕ್ಕೆ ಮಲಗಿದ್ರು. ಸ್ಫಟಿಕ ಲಿಂಗಕ್ಕೆ ಅವರು ಬರ್ಲಿಲ್ಲ, "ನನಗೆ ನಿದ್ದೆ ಇರ್ಲಿ, ಕಾಲು ಬೇಕು" ಅಂದ್ರು. ಆರೂವರೆಗೆ ಸಮುದ್ರಕ್ಕೆ ಹೋಗಿ, ಅಲ್ಲಿಂದ ಒಂದೊಂದೇ ತೀರ್ಥ. ನಾನೂ ನನ್ನ ನಾದಿನಿಯೂ ಎರಡು ಬದಿಯಿಂದ ಹಿಡ್ಕೊಂಡೆವು. ಜನ ನಮ್ಮನ್ನು ದಾಟಿ ಓಡ್ತಿದ್ದರು, ನಾವು ಓಡ್ಲಿಲ್ಲ. ಹದಿನಾಲ್ಕನೆಯದರ ಹತ್ತಿರ ಹತ್ತು ನಿಮಿಷ ಕೂತರು. ಮುಗಿಯುವಾಗ ಒಂಬತ್ತು ಕಳೆದಿತ್ತು. ಬಟ್ಟೆ ಬದಲಿಸಿ, ರಶೀದಿ ಮಾಡಿಸಿ, ಗಿಂಡಿಯ ಬೆಸುಗೆ ಬಿಡಿಸಿ ಕೊಟ್ಟದ್ದು. ಅಭಿಷೇಕ ಆಗುವಾಗ ಹನ್ನೊಂದು ಹತ್ತಿರ. ಅತ್ತೆ ಎಂತದ್ದೂ ಹೇಳ್ಲಿಲ್ಲ. ಖಾಲಿ ಗಿಂಡಿಯನ್ನು ಸೆರಗಿನಲ್ಲಿ ಸುತ್ತಿ ಹಿಡ್ಕೊಂಡು ಹೊರಗಿನ ಕಂಬಕ್ಕೆ ಒರಗಿ ಕೂತರು. ಆಮೇಲೆ "ಅವರದ್ದೂ ಮುಗೀತು" ಅಂದ್ರು, ಅಷ್ಟೆ.

ಧನುಷ್ಕೋಡಿ ನಮಗೆ ಆಗ್ಲಿಲ್ಲ. ಐದನೇ ದಿನ ಪಂಪ್‌ವೆಲ್‌ಗೆ ಮುಟ್ಟುವಾಗ ಹನ್ನೊಂದೂವರೆ.

ಮೊನ್ನೆ ಎದುರು ಮನೆ ಅಕ್ಕ ತಿರುಪತಿ ಕಾಳಹಸ್ತಿಯ ನೋಟೀಸು ತಂದು ತೋರಿಸಿದ್ರು. "3 ದಿನ, 7 ದೇವಸ್ಥಾನ" ಅಂತ ಉಂಟು. ನಾನು ಅವರಿಗೆ ಹೇಳಿದ್ದು ಇಷ್ಟೆ: ಮೊದಲು ದರ್ಶನದ 300 ರೂಪಾಯಿಯ ಟಿಕೆಟು ಅವರು ಮಾಡಿಸಿದ್ದಾರಾ ಕೇಳಿ. ಅದು ತಿಂಗಳುಗಳ ಮೊದಲೇ ಆನ್‌ಲೈನಿನಲ್ಲಿ ಒಬ್ಬೊಬ್ಬರ ಹೆಸರಿಗೆ, ಆಧಾರ್ ನಂಬರಿಗೆ ಆಗುದು. ಈಗ ನಿಮ್ಮ ಆಧಾರ್ ಕೇಳದವರು ಆ ಟಿಕೆಟು ಎಲ್ಲಿಂದ ತರ್ತಾರೆ? ಧರ್ಮದರ್ಶನದ ಸಾಲು ಅಂತ ಆದ್ರೆ ಅದಕ್ಕೆ ಎಷ್ಟು ಗಂಟೆ ಹಿಡೀತದೆ ಅಂತ ಯಾರೂ ಹೇಳ್ಲಿಕ್ಕೆ ಆಗುದಿಲ್ಲ. ಉಳಿದ ಆರು ದೇವಸ್ಥಾನದ ಬಾಗಿಲು ನಿಮಗೋಸ್ಕರ ಕಾಯುದೂ ಇಲ್ಲ. ಅಕ್ಕ ನೋಟೀಸಿನ ಹಿಂದೆಯೇ ಗಂಟೆ ಬರೀಲಿಕ್ಕೆ ಕೂತರು. ನಾನು ಚಾಕ್ಕೆ ಇಟ್ಟೆ.